ಒಣಗದ ಗೆರೆ

ಮಕ್ಕಳೇ, ಮಾರ್ಕೋನಹಳ್ಳಿಯ ಕಟ್ಟೆಯಿಂದ ವಾಯವ್ಯಕ್ಕೆ ಹೋದರೆ ತಿಪಟೂರು ತಾಲ್ಲೂಕಿನ ಅರಳಗುಪ್ಪೆ ಸಿಕ್ಕುವುದು. ಅಲ್ಲಿ ಹೊಯ್ಸಳರ ಕಾಲದ ಚೆನ್ನಕೇಶವನ ಗುಡಿಯುಂಟು. 13ನೆಯ ಶತಮಾನದಲ್ಲಿ ಅದರ ಶಿಖರವು ಏಳುತ್ತಿದ್ದಾಗ ನಡೆದಿರಬಹುದಾದ ಕಥೆಯೊಂದನ್ನು ನಾವು ಕಲ್ಪಿಸಿ ಹೇಳುವೆವು.

ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆದು, ಗಾಳಿಗೊಡ್ಡಿದಂತೆ ಗಟ್ಟಿಯಾಗುವುದು. ಆಚಾರ್ಯರು ಹಲವು ದಿನ ದುಡಿದು ಶಿಖರಕ್ಕೆಂದು ಒಂದು ಕಲ್ಲನ್ನು ಕೆತ್ತಿ ಮುಗಿಸಿದ್ದರು. ಅದನ್ನು ತೊಳೆಯುವುದು ಶಿಷ್ಯನಾದ ಹುಡುಗನ ಕೆಲಸ. ತೊಳೆದ ಕಲ್ಲು ಬಿಸಿಲಿಗೆ ಒಣಗಿತು. ಕೂದಲೆಳೆಯಂತಹ ಗೆರೆಯೊಂದು ಮಾತ್ರ ಒದ್ದೆಯಾಗಿಯೇ ಉಳಿಯಿತು. ಹುಡುಗನು ಸುತ್ತಿಗೆಯಿಂದ ಮೆಲ್ಲನೆ ತಟ್ಟಿದನು. ಗಂಟೆಯಂತೆ ನುಡಿಯಬೇಕಾದ ಕಲ್ಲು ಒಡಕು ಮಡಕೆಯಂತೆ ನುಡಿಯಿತು.

ಹೇಳಿದರೆ ಗುರುಗಳ ಶ್ರಮವೆಲ್ಲ ವ್ಯರ್ಥ. ಹೇಳದಿದ್ದರೆ, ಮೇಲೆ ಕೂರುವ ಕಲ್ಲುಗಳ ಭಾರಕ್ಕೆ ಅದು ಸೀಳುವುದು ಖಂಡಿತ.

“ಅಯ್ಯಾ, ಇದರೊಳಗೆ ಬಿರುಕಿದೆ” ಎಂದನು ಹುಡುಗ.

ಗುರುಗಳು ತಾವೂ ತಟ್ಟಿ, ಕಿವಿಗೊಟ್ಟು ಕೇಳಿದರು. ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ, “ಇದನ್ನು ಪಕ್ಕಕ್ಕಿಡಿರಿ” ಎಂದರು.

ಮರುದಿನ ಹೊಸ ಕಲ್ಲು ಬಂದಿತು. ಗುರುಗಳು ಮೊದಲು ಅದನ್ನು ತೊಳೆಯಿಸಿದರು. ಅದು ಒಂದೇ ಸಮನಾಗಿ ಒಣಗಿದ ಮೇಲೆ, ಮೊದಲ ಗೆರೆಯನ್ನೆಳೆಯಲು ಕಾವಿಯನ್ನು ಹುಡುಗನ ಕೈಗೆ ಕೊಟ್ಟರು.