ಚಾರಣದ ದಾರಿಯ ಎತ್ತರ ಮತ್ತು ಏರು: ಅಂಕೀಯ ಎತ್ತರ ಮಾದರಿಯ ಓದು



ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವ ಮುನ್ನ ಶಿಕ್ಷಕರಿಗೆ ಎದುರಾಗುವ ಪ್ರಶ್ನೆ ಒಂದೇ: ಈ ಏರನ್ನು ಅವರು ಹತ್ತಬಲ್ಲರೇ? ಅಂಕೀಯ ಎತ್ತರ ಮಾದರಿ ಇದಕ್ಕೆ ಉತ್ತರ ನೀಡುತ್ತದೆ. ಆದರೆ ಅದನ್ನು ಓದುವ ಬಗೆ ತಿಳಿದಿರಬೇಕು.

2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ಅಳೆದ ಎತ್ತರಗಳು ಇಂದು ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ಅದರಲ್ಲಿ ನೆಲವನ್ನು ಸುಮಾರು 30 ಮೀಟರ್ ಬದಿಯ ಚೌಕಗಳಾಗಿ ವಿಭಾಗಿಸಿ, ಒಂದೊಂದು ಚೌಕಕ್ಕೆ ಒಂದೊಂದೇ ಎತ್ತರವನ್ನು ಕೊಡಲಾಗಿದೆ. ಆದ್ದರಿಂದ ದಾರಿಯ ಮೇಲೆ 10 ಮೀಟರಿಗೊಂದು ಬಿಂದುವನ್ನಿಟ್ಟರೆ ಹಲವು ಬಿಂದುಗಳು ಒಂದೇ ಚೌಕದಲ್ಲಿ ಬೀಳುತ್ತವೆ. ಆಗ 30 ಮೀಟರಿಗೆ 3 ಮೀಟರ್ ಏರುವ ಸುಗಮ ದಾರಿಯೂ ಎರಡು ಹೆಜ್ಜೆ ಸಮತಟ್ಟಾಗಿ, ಮೂರನೆಯದರಲ್ಲಿ ಶೇ. 30ರ ಏರಾಗಿ, ಮೆಟ್ಟಿಲಿನಂತೆ ತೋರುತ್ತದೆ. ಬಿಂದುಗಳ ನಡುವೆ 60 ಮೀಟರ್ ಅಂತರವಿಟ್ಟರೆ ಈ ದೋಷ ಬಹುಮಟ್ಟಿಗೆ ನೀಗುತ್ತದೆ.

ನೀಲಗಿರಿಯ ಹುಲ್ಲುಗಾವಲಿನಿಂದ ಶೋಲಾ ಕಾಡಿನೊಳಗೆ ಸಾಗುವ ದಾರಿಯೊಂದನ್ನು ತರಗತಿಯ ಉದಾಹರಣೆಯಾಗಿ ಕಲ್ಪಿಸಿಕೊಳ್ಳಬಹುದು. 60 ಮೀಟರಿಗೊಮ್ಮೆ ದೊರೆತ ಎತ್ತರಗಳು 2100, 2106, 2112, 2126, 2132 ಮೀಟರ್ ಎಂದಿರಲಿ. ಏರಿದ ಎತ್ತರವನ್ನು ನಡೆದ ಅಡ್ಡದೂರದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಏರಿನ ಶೇಕಡಾ ಪ್ರಮಾಣ ಸಿಗುತ್ತದೆ: 10, 10, 23, 10. ಮೂರನೆಯ ತುಂಡು ಮಾತ್ರ ಕಡಿದಾಗಿದೆ. ಅದು ಕಾಡಿನ ಅಂಚಿನಲ್ಲಿಯೇ ಇದ್ದರೆ ಸಂಶಯಪಡಬೇಕು. ಆ ರೇಡಾರಿನ ಅಲೆಗಳು ದಟ್ಟ ಕಾಡಿನಲ್ಲಿ ನೆಲವನ್ನು ಪೂರ್ತಿಯಾಗಿ ಮುಟ್ಟದೆ, ಬಹುಪಾಲು ಮರಗಳ ತಲೆಯ ಭಾಗದಿಂದಲೇ ಮರಳಿದವು. ಇಲ್ಲಿ ಹೆಚ್ಚಾಗಿರುವ 8 ಮೀಟರ್ ಮರದ್ದಾಗಿರಬಹುದು, ನೆಲದ್ದಲ್ಲ. ದಾರಿ ಕಾಡಿನಿಂದ ಹೊರಬರುವಲ್ಲಿ ಅಷ್ಟೇ ಇಳಿತ ಕಂಡುಬಂದರೆ ಈ ಊಹೆಗೆ ಬಲ ಬರುತ್ತದೆ. ಆ 8 ಮೀಟರನ್ನು ಕಳೆದರೆ 240 ಮೀಟರಿಗೆ 24 ಮೀಟರ್, ಎಂದರೆ ಶೇ. 10, ಸುಮಾರು 6 ಡಿಗ್ರಿ ಏರು ಉಳಿಯುತ್ತದೆ.

ಇನ್ನೊಂದು ತಪ್ಪು ಸಾಮಾನ್ಯವಾಗಿ ನಡೆಯುತ್ತದೆ. QGIS ತಂತ್ರಾಂಶದ `Slope` ಉಪಕರಣವು ತೋರಿಸುವುದು ಬೆಟ್ಟದ ಮೈ ಅತಿ ಕಡಿದಾಗಿ ಇಳಿಯುವ ದಿಕ್ಕಿನ ಇಳಿಜಾರನ್ನು, ದಾರಿಯ ಏರನ್ನಲ್ಲ. 30 ಡಿಗ್ರಿ ಇಳಿಜಾರಿನ ಮೈಯನ್ನು ಅಡ್ಡಲಾಗಿ ಬಳಸಿ ಹೋಗುವ ಕಾಲುದಾರಿ ಸಮತಟ್ಟಾಗಿಯೇ ಇರಬಹುದು. ಆದರೂ ಆ ಸಂಖ್ಯೆ ವ್ಯರ್ಥವಲ್ಲ: ಅಲ್ಲಿ ಕಾಲು ಜಾರಿದ ಮಗು ಎಷ್ಟು ಕಡಿದಾದ ಕಡೆಗೆ ಉರುಳೀತೆಂಬುದನ್ನು ಅದು ಹೇಳುತ್ತದೆ. ದಾರಿಯ ಏರು ಮಕ್ಕಳ ದಣಿವನ್ನು ತಿಳಿಸಿದರೆ, ಮೈಯ ಇಳಿಜಾರು ಅಪಾಯವನ್ನು ತಿಳಿಸುತ್ತದೆ. ಎರಡನ್ನೂ ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಬೇಕು.

ಆದರೆ 30 ಮೀಟರ್ ಚೌಕದೊಳಗೆ ಅಡಗಿದ 5 ಮೀಟರ್ ಬಂಡೆ ಯಾವ ಲೆಕ್ಕದಲ್ಲಿಯೂ ಕಾಣಸಿಗದು. ಆದುದರಿಂದ ಮಕ್ಕಳಿಗಿಂತ ಮೊದಲು ಶಿಕ್ಷಕರೊಬ್ಬರು ಆ ದಾರಿಯನ್ನು ನಡೆದು ನೋಡತಕ್ಕದ್ದು.