ಹುಡುಗರಿಗೆ ಎಲ್ಲಾ ಗೊತ್ತೇ?



ಕಂಪ್ಯೂಟರ್ ಕಾಲದಲ್ಲಿ ಹುಟ್ಟಿದ ಮಕ್ಕಳಿಗೆ ಅದು ತಾಯ್ನುಡಿ ಇದ್ದಂತೆ ಎಂದು 2001ರಲ್ಲಿ ಅಮೆರಿಕದ ಮಾರ್ಕ್ ಪ್ರೆನ್‌ಸ್ಕಿ ಎಂಬುವರು ಬರೆದರು. ನಮ್ಮ ಹಳ್ಳಿಗಳಲ್ಲೂ ಅದೇ ಮಾತು: "ಹುಡುಗರನ್ನ ಕೂರಿಸಿ, ಎಲ್ಲಾ ಮಾಡ್ತಾರೆ." ನಾನು ಇದನ್ನು ಒಪ್ಪೋದಿಲ್ಲ. ಮೊಬೈಲಿನಲ್ಲಿ ಬೆರಳು ಓಡೋದು ಬೇರೆ, ಲೆಕ್ಕದ ಹಾಳೆ ತುಂಬೋದು ಬೇರೆ.

ಹಾಲಿನ ಲೆಕ್ಕವನ್ನೇ ತಗೊಳ್ಳಿ. ಒಬ್ಬ ಸದಸ್ಯರು 10 ದಿನ, ದಿನಕ್ಕೆ 6 ಲೀಟರ್ ಹಾಕಿದರು ಅನ್ನೋಣ. ಹುಡುಗ ಎಕ್ಸೆಲ್‌ನಲ್ಲಿ ಎಂಟು ದಿನ ಬರೀ 6 ಎಂದೂ, ಎರಡು ದಿನ "6 ಲೀ" ಎಂದೂ ಬರೆದ. ಮೊತ್ತಕ್ಕೆ `=SUM(B2:B11)` ಕೊಟ್ಟರೆ 60ರ ಬದಲು 48 ಬರುತ್ತದೆ. ಅಕ್ಷರ ಸೇರಿದ ಮನೆಯನ್ನು ಕಂಪ್ಯೂಟರ್ ಕೂಡಿಸೋದಿಲ್ಲ. ಬಿಟ್ಟೆ ಅಂತ ಹೇಳೋದೂ ಇಲ್ಲ. ಲೀಟರಿಗೆ 35 ರೂಪಾಯಿ ಹಿಡಿದರೆ ಆ ಸದಸ್ಯರಿಗೆ 420 ರೂಪಾಯಿ ಖೋತಾ. ಕೈಬರಹದ ಲೆಜರ್ ಬರೆದ ಹಳೇ ಗುಮಾಸ್ತರಾದರೆ 48 ನೋಡಿದ ಕೂಡಲೇ ಹುಬ್ಬು ಗಂಟಿಕ್ಕುತ್ತಿದ್ದರು.

ಪತ್ತೆ ಹಚ್ಚೋದು ಸುಲಭ. ನಾವು ಬದಲಿಸದಿದ್ದರೆ ಅಂಕಿ ಮನೆಯ ಬಲಕ್ಕೆ ನಿಲ್ಲುತ್ತದೆ, ಅಕ್ಷರ ಎಡಕ್ಕೆ. `=COUNT(B2:B11)` ಎಂದು ಕೇಳಿದರೆ 10 ಬರಬೇಕು; 8 ಬಂದರೆ ಎರಡು ಮನೆ ಕೆಟ್ಟಿವೆ. "ಲೀಟರ್" ಅನ್ನೋದನ್ನ ತಲೆಸಾಲಿನಲ್ಲಿ ಒಂದೇ ಸಲ ಬರೆಯಲಿ, ಕೆಳಗೆ ಬರೀ ಅಂಕಿ ಇರಲಿ. ಇದನ್ನು ಕೂರಿಸುವ ಮೊದಲೇ ಹುಡುಗರಿಗೆ ತೋರಿಸಿಕೊಡಿ.