ಪಿಡಿಎಫ್ ಒಳಗಿನ ಹಾಡು ಯಾರಿಗೆ ಕೇಳಿಸುತ್ತದೆ?

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಅದೇ ತಾಲ್ಲೂಕಿನ ಹಿರೇಬೆಂಡಿಗೇರಿಯಲ್ಲಿ ಯಾರೋ ಹಂತಿ ಪದಗಳನ್ನು ಬರೆದುಕೊಂಡು ಪಿಡಿಎಫ್ ಪುಸ್ತಿಕೆ ಮಾಡಲು ಹೊರಟರು ಅಂದುಕೊಳ್ಳಿ. ಪದದ ಸಾಲುಗಳನ್ನೇನೋ ಅಚ್ಚು ಹಾಕಬಹುದು, ರಾಗದ ಎಳೆತವನ್ನು ಹಾಕಲಾಗದು. ಹಾಗಾಗಿ ಪುಟದೊಳಗೇ ಧ್ವನಿಯನ್ನು ಸೇರಿಸುವ ಆಸೆ ಸಹಜ. ಸೇರಿಸುವುದು ಕಷ್ಟವೂ ಅಲ್ಲ. ಹಣ ಕೊಟ್ಟು ಪಡೆಯುವ ಅಕ್ರೊಬ್ಯಾಟ್ ಪ್ರೊದಲ್ಲಿ ಧ್ವನಿ ಅಥವಾ ವಿಡಿಯೊ ಸೇರಿಸುವ ಸಲಕರಣೆ ಆರಿಸಿ, ಪುಟದ ಮೇಲೊಂದು ಚೌಕ ಎಳೆದು, ಎಂಪಿ3 ಇಲ್ಲವೇ ಎಂಪಿ4 ಕಡತವನ್ನು ತೋರಿಸಿದರೆ ಮುಗಿಯಿತು. ಸಾಧಾರಣ ಗುಣಮಟ್ಟದ ಒಂದು ನಿಮಿಷದ ಹಾಡಿಗೆ ಅರ್ಧ ಎಂಬಿ ಸಾಕು. ಅಷ್ಟೇ ಹೊತ್ತಿನ ವಿಡಿಯೊಗೆ ಏಳೆಂಟು ಎಂಬಿ ಬೇಕಾದೀತು.

ತೊಡಕಿರುವುದು ತೆರೆಯುವವರ ಕಡೆ. ಕಂಪ್ಯೂಟರಿನಲ್ಲಿ ಉಚಿತ ಅಕ್ರೊಬ್ಯಾಟ್ ರೀಡರ್ ಇದ್ದರೆ, ಈ ಕಡತವನ್ನು ನಂಬಬಹುದೇ ಎಂದು ಕೇಳಿ, ಒಪ್ಪಿದ ಮೇಲೆ ಹಾಡು ನುಡಿಸುತ್ತದೆ. ಲಿನಕ್ಸ್‌ನ ಒಕ್ಯುಲರ್ ಕೂಡ ಸಾಮಾನ್ಯವಾಗಿ ನುಡಿಸುತ್ತದೆ. ಆದರೆ ಕ್ರೋಮ್, ಫೈರ್‌ಫಾಕ್ಸ್‌ಗಳೊಳಗಿನ ಓದುಗ ತಂತ್ರಾಂಶಗಳು ನುಡಿಸುವುದಿಲ್ಲ. ಫೋನಿನಲ್ಲಂತೂ ಅಡೋಬಿಯ ಸ್ವಂತ ಆ್ಯಪ್‌ನಿಂದಲೂ ಹಾಡು ನಿರೀಕ್ಷಿಸುವಂತಿಲ್ಲ. ಇವೆಲ್ಲ ಪುಟವನ್ನು ಚಿತ್ರಿಸಲೆಂದೇ ಆದವು, ಒಳಗೆ ಪ್ಲೇಯರ್ ಇಲ್ಲ. ಮೋಸ ಹೋಗುವುದು ಇಲ್ಲಿಯೇ. ವಿಡಿಯೊ ಇರುವ ಜಾಗದಲ್ಲಿ ಕಾಣುವ ಚಿತ್ರ ಬರೀ ಚಿತ್ರವಾದ್ದರಿಂದ ಅದು ಎಲ್ಲ ಕಡೆಯೂ ಚೆನ್ನಾಗಿ ಮೂಡುತ್ತದೆ. ಓದುವವರು ಅದನ್ನು ಒತ್ತುತ್ತಲೇ ಇರುತ್ತಾರೆ, ಏನೂ ಆಗುವುದಿಲ್ಲ, ತಪ್ಪಾಗಿದೆ ಎಂಬ ಸೂಚನೆಯೂ ಬರುವುದಿಲ್ಲ. ಕಡತ ಮಾಡಿದವರಿಗೆ ಮಾತ್ರ ತಮ್ಮ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿಯೇ ಕಂಡಿರುತ್ತದೆ!

ನಮ್ಮಲ್ಲಿ ನೆಟ್‌ವರ್ಕ್ ಸರಿಯಿಲ್ಲ, ಹಾಡನ್ನು ಸೇರಿಸುವ ಬದಲು ಅಂತರ್ಜಾಲದ ಕೊಂಡಿ ಕೊಟ್ಟರೆ ಏನು ಪ್ರಯೋಜನ, ಒಳಗೇ ಇದ್ದರೆ ವಾಸಿಯಲ್ಲವೇ ಎಂದು ಕೇಳಬಹುದು. ನೆಟ್‌ವರ್ಕ್ ಇಲ್ಲದವರ ಕೈಯಲ್ಲಿರುವುದೂ ಹೆಚ್ಚಾಗಿ ಫೋನೇ. ಒಳಗಿನ ಹಾಡು ಮೂಕವಾಗುವುದೂ ಅಲ್ಲಿಯೇ. ಅವರಿಗೆ ಎಂಪಿ3 ಕಡತವನ್ನೇ ಪಿಡಿಎಫ್ ಜೊತೆಗೆ ವಾಟ್ಸ್‌ಆ್ಯಪ್‌ನಲ್ಲೋ ಮೆಮೊರಿ ಕಾರ್ಡಿನಲ್ಲೋ ಕೊಟ್ಟರೆ ಯಾವ ಫೋನೂ ನುಡಿಸುತ್ತದೆ. ಎರಡೂ ಒಂದೇ ಕಡತದಲ್ಲಿದ್ದರೆ ಮುಂದಿನ ತಲೆಮಾರಿಗೆ ಉಳಿಯುತ್ತದೆ ಎಂಬ ಇನ್ನೊಂದು ವಾದ ಇನ್ನೂ ದುರ್ಬಲ. 2008ರ ಹೊತ್ತಿಗೆ ಅಕ್ರೊಬ್ಯಾಟ್ 9 ಫ್ಲ್ಯಾಶ್ ನೆಚ್ಚಿಕೊಂಡು ವಿಡಿಯೊ ಆಡಿಸುತ್ತಿತ್ತು. 2020ರ ಕೊನೆಗೆ ಅಡೋಬಿ ಫ್ಲ್ಯಾಶನ್ನೇ ನಿಲ್ಲಿಸಿದಾಗ, ಅದನ್ನೇ ನಂಬಿದ್ದ ಪಿಡಿಎಫ್‌ಗಳ ಬಾಯಿ ಕಟ್ಟಿತು. ದೀರ್ಘಕಾಲ ಕಾಪಿಡಲೆಂದೇ ರೂಪಿಸಿದ ಪಿಡಿಎಫ್/ಎ ಮಾನಕವಂತೂ ಪುಟದಲ್ಲಿ ಧ್ವನಿ, ವಿಡಿಯೊ ಆಡಿಸುವುದನ್ನು ನಿಷೇಧಿಸಿದೆ.

ಎಲ್ಲರೂ ಒಂದೇ ಬಗೆಯ ಕಂಪ್ಯೂಟರಿನಲ್ಲಿ ಅಕ್ರೊಬ್ಯಾಟ್ ತೆರೆಯುವ ತರಬೇತಿ ಕೊಠಡಿಗೆ ಒಳಗೆ ಸೇರಿಸುವುದು ಸರಿಯೇ. ಉಳಿದವರಿಗೆ, ನಮ್ಮ ಶಾಲಾ ಪಠ್ಯಪುಸ್ತಕಗಳು ದೀಕ್ಷಾ ವಿಡಿಯೊಗಳಿಗೆ ಕ್ಯುಆರ್ ಕೋಡ್ ಅಚ್ಚು ಹಾಕಿದ ದಾರಿಯೇ ಒಳ್ಳೆಯದು: ಪದದ ಕೆಳಗೆ ಕೋಡ್, ಅದರ ಪಕ್ಕದಲ್ಲಿ ಜೊತೆಗೆ ಕೊಟ್ಟ ಧ್ವನಿ ಕಡತದ ಹೆಸರು. ಹಂಚುವ ಮುನ್ನ ಪುಸ್ತಿಕೆಯನ್ನು ಒಂದು ಸಾಧಾರಣ ಫೋನಿನಲ್ಲಿ ತೆರೆದು ಒತ್ತಿ ನೋಡಿ.